ಬಿಸಿಲೂರಿನ ತಣ್ಣನೆಯ ಕಾಲು

ರಾಯಚೂರಿನ ಮೇ ತಿಂಗಳ ರಾತ್ರಿಯನ್ನು ಕಂಡವರಿಗೆ ವರ್ಣಿಸಬೇಕಿಲ್ಲ. ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಹನ್ನೊಂದಕ್ಕೂ ಅಂಗಾಲು ಸುಡುತ್ತದೆ. ನೀರು ಚಿಮುಕಿಸಿ, ಚಾಪೆ ಹಾಸಿ, ಗಾಳಿಗಾಗಿ ಕಾಯುತ್ತ ಮನೆಮಂದಿ ಮಲಗಿರುತ್ತಾರೆ. ಅಂಥ ರಾತ್ರಿಯಲ್ಲಿ ಮೂಲೆಯ ಹೊರಸಿನ ಮೇಲಿಂದ ಮುದುಕರೊಬ್ಬರು, ‘ಕಾಲಿಗೊಂದು ಕೌದಿ ಹೊಚ್ಚವ್ವ, ಐಸ್ ಆಗ್ಯಾವ’ ಎನ್ನುತ್ತಾರೆ. ಸೊಸೆ ಹೊಚ್ಚುತ್ತಾಳೆ. ‘ವಯಸ್ಸಾತಲ್ರಿ, ರಕ್ತ ತಣ್ಣಗಾಗ್ತದ’ ಎಂದು ಯಾರೋ ಹೇಳುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನನ್ನ ತಕರಾರು ಮಾತು ಅಲ್ಲಿಗೆ ಮುಗಿಯುವುದರ ಬಗ್ಗೆ. ‘ವಯಸ್ಸಾಯಿತು’ ಎಂಬ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಅದು ಎಲ್ಲಿಯವರೆಗೆ ನಿಜ ಎಂಬುದನ್ನು ನಾವು ಕೇಳಿಕೊಂಡಿಲ್ಲ. ಈಚೆಗೆ ಅದರ ಜೊತೆ ಇನ್ನೆರಡು ಸಿದ್ಧ ಉತ್ತರಗಳು ಸೇರಿವೆ. ಒಂದು, ‘ನರದ ವೀಕ್ನೆಸ್’, ಅದಕ್ಕೆ ಕೆಂಪು ಬಣ್ಣದ ಇಂಜೆಕ್ಷನ್. ಇನ್ನೊಂದು, ‘ಥೈರಾಯ್ಡ್ ಇರಬೇಕು’, ಅದಕ್ಕೆ ಬೆಳಗಿನ ಬರಿ ಹೊಟ್ಟೆಯ ಮಾತ್ರೆ. ಮೂರೂ ಉತ್ತರಗಳನ್ನು ಕಾಲು ಮುಟ್ಟದೆಯೇ ಕೊಡಬಹುದು. ಅವು ಇಷ್ಟು ಬೇಗ ಹಬ್ಬಲು ಅದೇ ಕಾರಣ, ತಪ್ಪಾಗಲೂ ಅದೇ ಕಾರಣ.

ಮೊದಲು ವಯಸ್ಸಿಗೆ ಸಲ್ಲಬೇಕಾದಷ್ಟನ್ನು ಸಲ್ಲಿಸೋಣ. ಮುಪ್ಪಿನಲ್ಲಿ ಸ್ನಾಯು ಕರಗುತ್ತದೆ, ದೇಹ ಹುಟ್ಟಿಸುವ ಕಾವು ತಗ್ಗುತ್ತದೆ, ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗುವುದು ಕುಗ್ಗುವುದು ನಿಧಾನವಾಗುತ್ತದೆ. ನಿದ್ದೆ ಹತ್ತುವ ಮುನ್ನ ದೇಹ ತನ್ನ ಒಳಗಿನ ಕಾವನ್ನು ಕೈಕಾಲುಗಳ ಮೂಲಕ ಹೊರಕ್ಕೆ ಬಿಡುತ್ತದೆ. ಬೆಚ್ಚಗಿನ ಪಾದಕ್ಕೂ ಬೇಗ ಹತ್ತುವ ನಿದ್ದೆಗೂ ಇರುವ ಈ ನಂಟನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ನಾಳಗಳು ನಿಧಾನವಾದಾಗ ಆ ಹಾದಿ ತೆರೆದುಕೊಳ್ಳುವುದೂ ತಡ. ಹಾಗಾಗಿ ಎಳ್ಳಮಾಸಿ ಹೊತ್ತಿನ ಚಳಿಯಲ್ಲೋ, ಕೂಲರ್ ನೇರ ಕಾಲಿಗೆ ಬೀಸುವ ಕೋಣೆಯಲ್ಲೋ ಹಿರಿಯರ ಪಾದ ತಣ್ಣಗಾದರೆ ಅದು ರೋಗವಲ್ಲ.

ಆದರೆ ವಯಸ್ಸಿನ ತಣ್ಣನೆಗೆ ಗುರುತುಗಳಿವೆ. ಎರಡೂ ಪಾದ ಸಮನಾಗಿ ತಣ್ಣಗಿರುತ್ತವೆ. ಕಾಲುಚೀಲ ಹಾಕಿ ಹೊದ್ದರೆ ಅರ್ಧ ಗಂಟೆಯಲ್ಲಿ ಬೆಚ್ಚಗಾಗುತ್ತವೆ. ನೋವಿರುವುದಿಲ್ಲ, ಹುಣ್ಣಿರುವುದಿಲ್ಲ, ಪಾದದ ನಾಡಿ ಬೆರಳಿಗೆ ಸಿಗುತ್ತದೆ. ಈ ಐದರಲ್ಲಿ ಒಂದು ತಪ್ಪಿದರೂ ವಯಸ್ಸಿನ ಉತ್ತರ ಸಾಲದು. ನಮ್ಮೂರಿನ ಬಿಸಿಲು ಇಲ್ಲಿ ನೆರವಿಗೆ ಬರುತ್ತದೆ. ಹವೆಯೇ ತಣ್ಣಗಿರುವ ಊರಿನಲ್ಲಿ ತಣ್ಣನೆಯ ಕಾಲಿಗೆ ಹವೆಯನ್ನು ದೂರಬಹುದು. ರಾತ್ರಿಯ ಗಾಳಿಯೂ ಬಿಸಿಯಾಗಿರುವ ಮೇ ತಿಂಗಳಲ್ಲಿ ಪಾದ ತಣ್ಣಗಿದೆಯೆಂದರೆ ದೂರುವುದಕ್ಕೆ ಹವೆ ಸಿಗುವುದಿಲ್ಲ.

ಹಾಗಾದರೆ ಏನು ಕೇಳಬೇಕು? ತೀರ ಸರಳವಾದ ಪ್ರಶ್ನೆಯಿಂದ ಶುರುಮಾಡಬೇಕು. ಕಾಲು ತಣ್ಣಗಿದೆ ಎಂದು ಹೇಳುತ್ತಿರುವವರು ಯಾರು? ಕಾಲಿನ ಒಡೆಯರೋ, ಅದನ್ನು ಮುಟ್ಟಿದ ಕೈಯೋ?

ಇವೆರಡೂ ಒಂದೇ ಅಲ್ಲ. ಅಂಗೈ ಮಗುಚಿ, ಬೆರಳುಗಳ ಹಿಂಬದಿಯನ್ನು ಮೊಣಕಾಲಿನಿಂದ ಪಾದದವರೆಗೆ ಜಾರಿಸಿ ನೋಡಿ, ಎರಡೂ ಕಾಲಿಗೆ. ಅಲ್ಲಿ ಮೂರು ಬಗೆಯ ಫಲ ಸಿಗಬಹುದು. ಒಂದು ಪಾದ ಮಾತ್ರ, ಅಥವಾ ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಂತೆ ತಣ್ಣಗಿದ್ದರೆ ಸಂಶಯ ರಕ್ತನಾಳದ ಮೇಲೆ. ಹಿರಿಯರು ‘ಐಸ್ ಆಗ್ಯಾವ’ ಎನ್ನುತ್ತಿದ್ದರೂ ನಿಮ್ಮ ಕೈಗೆ ಪಾದ ಬೆಚ್ಚಗೇ ಹತ್ತಿದರೆ ಸಂಶಯ ನರದ ಮೇಲೆ. ಎರಡೂ ಪಾದದ ಜೊತೆಗೆ ಕೈಗಳೂ ತಣ್ಣಗಿದ್ದು, ಮಧ್ಯಾಹ್ನವೂ ಅವರಿಗೆ ಚಳಿ ಎನಿಸುತ್ತಿದ್ದರೆ ಥೈರಾಯ್ಡ್ ನೋಡಬೇಕು. ಇದು ಕೊನೆಯ ತೀರ್ಪಲ್ಲ. ಯಾವ ಬಾಗಿಲನ್ನು ಮೊದಲು ತಟ್ಟಬೇಕು ಎಂಬುದಷ್ಟೇ. ಆದರೂ ಬಾಗಿಲು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡೋಣ. ಈ ವ್ಯಕ್ತಿ ಯಾರೊಬ್ಬರೂ ಅಲ್ಲ. ಇಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

ಮಾನ್ವಿ ತಾಲ್ಲೂಕಿನ ಕಾಲುವೆ ಬಯಲಿನ ಒಬ್ಬ ರೈತ ಎಂದುಕೊಳ್ಳಿ. ವಯಸ್ಸು 68. ಹರೆಯದಿಂದ ದಿನಕ್ಕೊಂದು ಕಟ್ಟು ಬೀಡಿ. ಎರಡು ವರ್ಷದ ಹಿಂದೆ ಗದ್ದೆಯ ಬದುವಿನ ಮೇಲೆ ಇನ್ನೂರು ಹೆಜ್ಜೆ ನಡೆದರೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ಮತ್ತೆ ಇನ್ನೂರು ಹೆಜ್ಜೆಗೆ ಮತ್ತೆ ಹಿಡಿತ. ಅವರು ಅದನ್ನು ಯಾರಿಗೂ ಹೇಳಲಿಲ್ಲ, ನಡೆಯುವುದನ್ನೇ ಕಡಿಮೆ ಮಾಡಿದರು. ನಡಿಗೆ ನಿಂತಮೇಲೆ ನೋವೂ ನಿಂತಿತು. ಮನೆಯವರ ಲೆಕ್ಕದಲ್ಲಿ ಕಾಲು ವಾಸಿಯಾಯಿತು.

ಈಗ ಆರು ತಿಂಗಳಿಂದ ರಾತ್ರಿ ಎಡಪಾದ ತಣ್ಣಗಾಗುತ್ತದೆ, ಬೆರಳುಗಳಲ್ಲಿ ನೋವು. ನಡುರಾತ್ರಿ ಎದ್ದು ಹೊರಸಿನ ಅಂಚಿಗೆ ಕೂತು ಕಾಲು ಇಳಿಬಿಡುತ್ತಾರೆ. ‘ಯಾಕ್ರಿ ಮಾವಾ, ನಿದ್ದಿ ಬರವಲ್ದೇನ್ರಿ?’ ಎಂದರೆ, ‘ಇಳಿಬಿಟ್ರ ಹಗುರಾಗ್ತದವ್ವ’ ಎನ್ನುತ್ತಾರೆ. ಊರಿನ ಆರ್‌ಎಂಪಿ ಡಾಕ್ಟರು ನರದ ವೀಕ್ನೆಸ್ ಎಂದು ವಾರಕ್ಕೊಂದು ಇಂಜೆಕ್ಷನ್ ಕೊಡುತ್ತಿದ್ದಾರೆ. ಮನೆಯಲ್ಲಿ ಬಿಸಿ ಎಣ್ಣೆ ತಿಕ್ಕುತ್ತಾರೆ, ಬಿಸಿನೀರಿನ ಬ್ಯಾಗ್ ಇಡುತ್ತಾರೆ.

‘ಇಳಿಬಿಟ್ರ ಹಗುರಾಗ್ತದ’ ಎಂಬ ಆ ಒಂದು ಮಾತಿನಲ್ಲಿ ರೋಗದ ಹೆಸರಿದೆ. ಕಾಲಿಗೆ ರಕ್ತ ಒಯ್ಯುವ ಧಮನಿಯ ಒಳಗೋಡೆಗೆ ಕೊಬ್ಬು, ಸುಣ್ಣ ಕಟ್ಟಿ ಅದು ಕಿರಿದಾಗಿದೆ. ಹಗಲಲ್ಲಿ ಕೂತಾಗ, ನಿಂತಾಗ ಪಾದ ಹೃದಯಕ್ಕಿಂತ ಕೆಳಗಿರುವುದರಿಂದ ರಕ್ತದ ತೂಕವೇ ಅದನ್ನು ಕೆಳಕ್ಕೆ ನೂಕುತ್ತದೆ. ಪಾದ ಹೃದಯಕ್ಕಿಂತ ಅರ್ಧ ಮೀಟರ್ ಕೆಳಗಿಳಿದರೆ ಅಲ್ಲಿನ ಒತ್ತಡಕ್ಕೆ ಸುಮಾರು 40 ಮಿಲಿಮೀಟರ್ ಪಾದರಸದಷ್ಟು ಸೇರಿಕೊಳ್ಳುತ್ತದೆ. ಅಡ್ಡಾದ ಕೂಡಲೇ ಆ ನೆರವು ಹೋಗುತ್ತದೆ. ನಿದ್ದೆಯಲ್ಲಿ ಬಿಪಿಯೂ ಇಳಿಯುತ್ತದೆ. ಕಿರಿದಾದ ನಾಳದಲ್ಲಿ ಹಗಲು ಹೇಗೋ ದಾಟುತ್ತಿದ್ದ ರಕ್ತ ರಾತ್ರಿ ಬೆರಳತುದಿ ಮುಟ್ಟುವುದಿಲ್ಲ. ಈ ನೋವು ರಾತ್ರಿಯೇ ಬರುವುದು ಅದಕ್ಕೆ. ನರದ ನೋವೂ ರಾತ್ರಿ ಹೆಚ್ಚುತ್ತದೆ ನಿಜ, ಆದರೆ ಕಾಲು ಇಳಿಬಿಟ್ಟರೆ ಅದು ಹೀಗೆ ತಗ್ಗುವುದಿಲ್ಲ.

ಈ ರೋಗಕ್ಕೆ ಹೇಳುವ ‘ಬಿಳಿಚಿಕೊಂಡ ಪಾದ’ ಎಂಬ ಲಕ್ಷಣದಲ್ಲಿ ನಾವು ಇನ್ನೊಂದು ಕಡೆ ಎಡವುತ್ತೇವೆ. ಆ ಮಾತು ಬಂದದ್ದು ಬೆಳ್ಳಗಿನ ಚರ್ಮದವರನ್ನು ನೋಡಿ ಬರೆದ ಪುಸ್ತಕಗಳಿಂದ. ನಮ್ಮ ರೈತರ ಕಂದು ಪಾದ, ಒಡೆದ ಹಿಮ್ಮಡಿ, ಕೆಸರು ಬಣ್ಣ ಹಿಡಿದ ಉಗುರು: ಇವುಗಳ ಮೇಲ್ಭಾಗದಲ್ಲಿ ಬಿಳಿಚು ಕಾಣುವುದೇ ಇಲ್ಲ. ಅಂಗಾಲಿನ ನಡುಭಾಗವನ್ನು ನೋಡಬೇಕು. ಮಲಗಿಸಿ, ಎರಡೂ ಕಾಲನ್ನು ಅರ್ಧಕ್ಕೆ ಎತ್ತಿ, ಒಂದೆರಡು ನಿಮಿಷ ಹಿಡಿಯಬೇಕು. ರಕ್ತ ಸಾಲದ ಪಾದದ ಅಂಗಾಲು ಮೇಣದಂತೆ ಬಿಳುಪಾಗುತ್ತದೆ. ಆಮೇಲೆ ಎಬ್ಬಿಸಿ ಕೂರಿಸಿ ಕಾಲು ಇಳಿಬಿಟ್ಟರೆ ಆರೋಗ್ಯದ ಪಾದಕ್ಕೆ ಹತ್ತು ಹದಿನೈದು ಸೆಕೆಂಡಿನಲ್ಲಿ ಬಣ್ಣ ಬರುತ್ತದೆ. ರೋಗದ ಪಾದಕ್ಕೆ ಅರ್ಧ ನಿಮಿಷವೂ ಮೀರಬಹುದು, ಬಂದಮೇಲೆ ಮಾಮೂಲಿನಂತಿರದೆ ಕಡುಗೆಂಪಾಗುತ್ತದೆ. ಈ ಕೆಂಪನ್ನು ಕಂಡು ‘ರಕ್ತ ಚೆನ್ನಾಗಿ ಹರೀತದ’ ಎಂದು ಸಮಾಧಾನಪಡುವವರಿದ್ದಾರೆ. ಅದು ತದ್ವಿರುದ್ಧದ ಸಂಕೇತ: ಹಸಿದ ಸಣ್ಣ ನಾಳಗಳು ಬಾಯಿ ತೆರೆದುಕೊಂಡೇ ಉಳಿದಿವೆ. ಈ ಪರೀಕ್ಷೆಗೆ ಬರ್ಗರ್ ಪರೀಕ್ಷೆ ಎಂದು ಹೆಸರು. ತಂಬಾಕಿನವರ ಕಾಲಿನ ನಾಳಗಳು ಉರಿತ ಬಂದು ಮುಚ್ಚಿಕೊಳ್ಳುವ ರೋಗವನ್ನು 1908ರಲ್ಲಿ ವಿವರಿಸಿದ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ ಅವರ ಹೆಸರು ಅದು. ಆ ರೋಗ ಬೀಡಿ ಸೇದುವ ನಡುಹರೆಯದವರನ್ನು ಹಿಡಿಯುವಂಥದ್ದು. ನಮ್ಮ ಮಾನ್ವಿಯ ಹಿರಿಯರದು ಮುಪ್ಪಿನ ಧಮನಿ ರೋಗ. ತಂಬಾಕು ಮಾತ್ರ ಎರಡಕ್ಕೂ ಸಮಾನ.

ಇನ್ನು ನಾಡಿ. ಕಣಕಾಲಿನ ಒಳಬದಿಯ ಮೂಳೆಯ ಹಿಂದೆ, ಹಿಮ್ಮಡಿಯ ಕಡೆಗೆ ಎರಡು ಬೆರಳು ಹಗುರಾಗಿ ಇಟ್ಟರೆ ಒಂದು ನಾಡಿ ಬಡಿಯುತ್ತದೆ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಸ್ನಾಯುದಾರದ ಪಕ್ಕದಲ್ಲಿ ಇನ್ನೊಂದು. ಮೇಲಿನದು ಕೆಲವು ಆರೋಗ್ಯವಂತರಲ್ಲೂ ಸಿಗುವುದಿಲ್ಲ, ಹಾಗಾಗಿ ಅದೊಂದನ್ನೇ ನಂಬಬಾರದು. ಎರಡೂ ಸಿಗದಿದ್ದರೆ, ಅದರಲ್ಲೂ ಇನ್ನೊಂದು ಕಾಲಿನಲ್ಲಿ ಸಿಗುತ್ತಿದ್ದರೆ, ಅಳತೆ ಮಾಡಿಸಲೇಬೇಕು.

ಅಳತೆ ಎಂದರೆ ದೊಡ್ಡ ಯಂತ್ರವಲ್ಲ. ಬಿಪಿ ಪಟ್ಟಿ, ಜೊತೆಗೆ ಅಂಗೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್. ಮಲಗಿಸಿ ತೋಳಿನ ಮೇಲಿನ ಬಿಪಿ ನೋಡುತ್ತಾರೆ, ಕಣಕಾಲಿನ ಮೇಲಿನ ಬಿಪಿ ನೋಡುತ್ತಾರೆ, ಕಣಕಾಲಿನದನ್ನು ತೋಳಿನದರಿಂದ ಭಾಗಿಸುತ್ತಾರೆ. ನಮ್ಮ ಹಿರಿಯರ ತೋಳಿನಲ್ಲಿ 150 ಬಂತೆನ್ನಿ. ಬಲ ಕಣಕಾಲಿನಲ್ಲಿ 144, ಎಡದಲ್ಲಿ 72. ಬಲಕ್ಕೆ 0.96, ಎಡಕ್ಕೆ 0.48. ಒಂದರಿಂದ 1.4ರವರೆಗೆ ಸಹಜ, 0.9 ಅಥವಾ ಅದಕ್ಕಿಂತ ಕೆಳಗೆ ಬಂದರೆ ಧಮನಿ ಕಿರಿದಾಗಿದೆ ಎಂದೇ ಅರ್ಥ; ನಡುವಿನದು ಗಡಿಯಂಚು. ಎಡಪಾದಕ್ಕೆ ತೋಳಿನ ಅರ್ಧದಷ್ಟೂ ಒತ್ತಡ ಮುಟ್ಟುತ್ತಿಲ್ಲ. ಆರು ತಿಂಗಳು ಕೊಟ್ಟ ಇಂಜೆಕ್ಷನ್ ಈ 72ನ್ನು 73 ಮಾಡುವುದಿಲ್ಲ.

ಇದಕ್ಕೆ ಮಾಡಬೇಕಾದದ್ದು ಬೇರೆಯೇ ಇದೆ. ಬೀಡಿ ಪೂರ್ತಿ ನಿಲ್ಲಬೇಕು. ಎರಡಕ್ಕೆ ಇಳಿಸಿದೆ ಎಂಬುದು ಧಮನಿಯ ಲೆಕ್ಕಕ್ಕೆ ಬರುವುದಿಲ್ಲ. ರಕ್ತ ಗೆಡ್ಡೆ ಕಟ್ಟದಂತೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಕೊಬ್ಬಿಗೆ ಸ್ಟ್ಯಾಟಿನ್, ಬಿಪಿ ಮತ್ತು ಶುಗರ್ ಹಿಡಿತ: ಇವು ವೈದ್ಯರು ಕೊಡುವ ಮದ್ದುಗಳು. ಇವು ಕಾಲಿಗಷ್ಟೇ ಅಲ್ಲ, ಹೃದಯಕ್ಕೂ ಮಿದುಳಿಗೂ ಬೇಕು. ಕಾಲಿನ ಧಮನಿ ಕಿರಿದಾದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ನೋವು ನಡೆಯುವಾಗ ಮಾತ್ರ ಬರುತ್ತಿದ್ದ ಹಂತದಲ್ಲೇ ಬಂದಿದ್ದರೆ ನಡಿಗೆಯೇ ಮದ್ದಾಗುತ್ತಿತ್ತು: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆದು, ವಾರಕ್ಕೆ ಮೂರು ಸಲ ಅರ್ಧ ಮುಕ್ಕಾಲು ಗಂಟೆ, ಮೂರು ತಿಂಗಳು. ಅವರು ಮಾಡಿದ್ದು ಅದರ ಉಲ್ಟಾ, ನಡಿಗೆಯನ್ನೇ ಬಿಟ್ಟರು. ಈಗ ಮಲಗಿದಾಗಲೂ ನೋವು ಬರುತ್ತಿರುವುದರಿಂದ ನಾಳವನ್ನು ಬಲೂನಿನಿಂದ ಹಿಗ್ಗಿಸಬೇಕೋ, ಬೈಪಾಸ್ ಬೇಕೋ ಎಂಬುದನ್ನು ರಕ್ತನಾಳದ ಸರ್ಜನ್ ವಾರಗಳೊಳಗೆ ತೀರ್ಮಾನಿಸಬೇಕು. ಹೆಬ್ಬೆರಳಿನ ತುದಿ ಕಪ್ಪಾದ ಮೇಲೆ ಈ ತೀರ್ಮಾನಕ್ಕೆ ಉಳಿಯುವ ಜಾಗ ಕಡಿಮೆ.

ಈಗ ನರದ ಮಾತು. ಕೆಂಪು ಇಂಜೆಕ್ಷನ್ನನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ಅದು ಬಿ12 ಜೀವಸತ್ವ. ಅದು ಬೇಕಾದವರೂ ನಮ್ಮಲ್ಲಿ ಸಾಕಷ್ಟಿದ್ದಾರೆ. ದೇವದುರ್ಗದ ಕಡೆಯ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಹದಿನೈದು ವರ್ಷದಿಂದ ಶುಗರ್, ಅಷ್ಟೇ ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ, ಮಾಂಸ ಮೊಟ್ಟೆ ಮುಟ್ಟದ ಮನೆ. ಮಗ ಸೊಸೆ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಫೋನಿನಲ್ಲಿ ಅಜ್ಜಿ ‘ಕಾಲು ತಣ್ಣಗಾಗ್ತಾವಪ್ಪ, ರಾತ್ರಿ ಜುಮುಜುಮು ಅಂತಾವ’ ಎನ್ನುತ್ತಾರೆ. ಮಗ ಕೇಳಿಸಿಕೊಳ್ಳುವುದು ಆ ಮಾತನ್ನು ಮಾತ್ರ, ಕಾಲು ಮುಟ್ಟಲು ಅಲ್ಲಿ ಯಾರೂ ಇಲ್ಲ. ಮುಟ್ಟಿದ್ದರೆ ತಿಳಿಯುತ್ತಿತ್ತು: ಆಕೆಯ ಪಾದ ತಣ್ಣಗಿಲ್ಲ. ಬೆಚ್ಚಗಿದೆ, ಒಣಗಿದೆ, ಮೇಲೆ ನೀಲಿ ರಕ್ತನಾಳಗಳು ಉಬ್ಬಿ ನಿಂತಿವೆ.

ಇದು ಸುಳ್ಳಲ್ಲ, ನಾಟಕವೂ ಅಲ್ಲ. ತಣ್ಣನೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ತೆಳ್ಳಗಿನ ನರಗಳು ಕೆಟ್ಟಿವೆ. ಕೆಟ್ಟ ತಂತಿ ಇಲ್ಲದ ಸುದ್ದಿಯನ್ನು ಸಾಗಿಸುತ್ತಿದೆ. ಜೊತೆಗೆ ಬೆವರಿನ ನರಗಳು, ಸಣ್ಣ ನಾಳಗಳನ್ನು ಬಿಗಿಹಿಡಿಯುವ ನರಗಳು ಸತ್ತಿರುವುದರಿಂದ ಪಾದ ಒಣಗಿ, ನಾಳಗಳು ಸಡಿಲಾಗಿ, ಚರ್ಮ ಬೆಚ್ಚಗಿರುತ್ತದೆ. ಉದ್ದದ ನರಗಳು ಮೊದಲು ಕೆಡುವುದರಿಂದ ಜೋಮು ಎರಡೂ ಪಾದದ ಬೆರಳುಗಳಿಂದ ಶುರುವಾಗಿ, ಕಾಲುಚೀಲ ಏರಿದಂತೆ ಮೇಲೇರುತ್ತದೆ. ಒಂದೇ ಕಾಲಿನಲ್ಲಿ ಇದು ಶುರುವಾಗುವುದು ಅಪರೂಪ. ವೈದ್ಯರು ತೆಳ್ಳನೆಯ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ‘ಗೊತ್ತಾಗ್ತದೇನು?’ ಎನ್ನುತ್ತಾರೆ, ಮಿಡಿದ ಕವೆಯನ್ನು ಹೆಬ್ಬೆರಳಿನ ಮೂಳೆಗಿಟ್ಟು ನಡುಕ ತಿಳಿಯುತ್ತದೆಯೇ ನೋಡುತ್ತಾರೆ. ಎರಡಕ್ಕೂ ಐದು ನಿಮಿಷ ಸಾಕು. ಶುಗರ್ ಬಿಗಿಯಾಗಬೇಕು, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದಿದ್ದರೆ ಬಿ12 ರಕ್ತಪರೀಕ್ಷೆ ಮಾಡಿಸಬೇಕು, ಅದು ಕಡಿಮೆ ಇದ್ದರೆ ಇಂಜೆಕ್ಷನ್ ಸರಿಯಾದ ಮದ್ದು. ಅಳತೆಯೇ ಇಲ್ಲದೆ ಊರಿನ ಎಲ್ಲ ಮುದುಕರ ಕಾಲಿಗೂ ಅದನ್ನೇ ಚುಚ್ಚುವುದು ಮದ್ದಲ್ಲ, ವಾಡಿಕೆ.

ಇಲ್ಲೊಂದು ಬಲೆಯಿದೆ, ನನ್ನ ಸರಳ ಪ್ರಶ್ನೆಯೂ ಅದರಲ್ಲಿ ಬೀಳಬಹುದು. ಹಳೆಯ ಶುಗರ್ ಇರುವವರಲ್ಲಿ ನರವೂ ಕೆಟ್ಟಿರಬಹುದು, ಧಮನಿಯೂ ಕಿರಿದಾಗಿರಬಹುದು. ನರ ಸತ್ತ ಪಾದಕ್ಕೆ ರಕ್ತ ಸಾಲದ ನೋವು ತಿಳಿಯುವುದಿಲ್ಲ, ಸಡಿಲಾದ ನಾಳಗಳು ಚರ್ಮವನ್ನು ಬೆಚ್ಚಗೆ ತೋರಿಸುತ್ತವೆ. ಅಳತೆಯೂ ಮೋಸ ಮಾಡುತ್ತದೆ: ಸುಣ್ಣಗಟ್ಟಿದ ಧಮನಿಯನ್ನು ಬಿಪಿ ಪಟ್ಟಿ ಒತ್ತಲಾರದು, ಆಗ ಭಾಗಲಬ್ಧ 1.4ಕ್ಕಿಂತ ಮೇಲೆ ಬರುತ್ತದೆ, ಇಲ್ಲವೇ ಸುಳ್ಳು ಸುಳ್ಳೇ ಸಹಜ ಎನ್ನುತ್ತದೆ. ಅಂಥವರಿಗೆ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಇಲ್ಲವೇ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು. ಆದ್ದರಿಂದ ಶುಗರ್ ಇರುವವರ ಪಾದದಲ್ಲಿ ನೋವಿಲ್ಲದ ಹುಣ್ಣು ಕಂಡರೆ, ಪಾದ ಬೆಚ್ಚಗಿದ್ದರೂ ನಾಡಿ ಹುಡುಕದೆ ಬಿಡಬಾರದು.

ಮೂರನೆಯ ಉತ್ತರ ಥೈರಾಯ್ಡ್. ಇದು ಹಳ್ಳಿಗಿಂತ ರಾಯಚೂರು ನಗರದಲ್ಲಿ ಹೆಚ್ಚು ಚಾಲ್ತಿ, ಏಕೆಂದರೆ ಲ್ಯಾಬುಗಳ ‘ಫುಲ್ ಬಾಡಿ ಪ್ಯಾಕೇಜ್’ ಅಲ್ಲಿದೆ. ಅಂಥ ಪ್ಯಾಕೇಜಿನಲ್ಲಿ ಥೈರಾಯ್ಡ್ ಇರುತ್ತದೆ, ಬಿ12 ಇರುತ್ತದೆ, ಶುಗರ್, ಕೊಲೆಸ್ಟ್ರಾಲ್ ಇರುತ್ತವೆ. ಕಾಲಿನ ಧಮನಿಯಲ್ಲಿ ರಕ್ತ ಹರಿಯುತ್ತಿದೆಯೇ ಎಂದು ಹೇಳುವ ಒಂದೂ ಅದರಲ್ಲಿರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಅದು ತೋಳಿನಿಂದ ತೆಗೆದ ರಕ್ತ. ಹುಡುಕಿದಲ್ಲಿ ಸಿಕ್ಕಿದ್ದೇ ಕಾರಣ ಎಂದು ತೀರ್ಮಾನಿಸುವ ನಮ್ಮ ಅಭ್ಯಾಸಕ್ಕೆ ಈ ಪ್ಯಾಕೇಜು ಹೇಳಿ ಮಾಡಿಸಿದಂತಿದೆ.

ನಿಜವಾದ ಥೈರಾಯ್ಡ್ ಕೊರತೆಯಲ್ಲಿ ಪಾದ ತಣ್ಣಗಾಗುತ್ತದೆ, ಸಂಶಯವಿಲ್ಲ. ದೇಹದ ಒಲೆಯ ಉರಿ ತಗ್ಗಿಸುವುದೇ ಆ ಕೊರತೆ. ಇರುವ ಕಾವನ್ನು ಉಳಿಸಲು ಚರ್ಮದ ನಾಳಗಳು ಮುಚ್ಚಿಕೊಳ್ಳುತ್ತವೆ. ಆದರೆ ಒಲೆ ತಗ್ಗಿದರೆ ತಣ್ಣಗಾಗುವುದು ಇಡೀ ಮನೆ, ಒಂದು ಮೂಲೆಯಲ್ಲ. ಅಂಗೈ ತಣ್ಣಗಿರುತ್ತದೆ, ಚರ್ಮ ಒಣಗಿ ಒರಟಾಗಿ ಹಳದಿ ಬಿಳಿಚಿಕೊಂಡಿರುತ್ತದೆ, ದನಿ ಗಡುಸಾಗುತ್ತದೆ, ಮಲಬದ್ಧತೆ, ಮರೆವು, ನಾಡಿ ನಿಧಾನ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಸ್ವೆಟರ್ ಕೇಳುವ ಅಜ್ಜಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸದಿದ್ದರೆ ತಪ್ಪು ನಮ್ಮದು. ವೈದ್ಯರು ಹಿಮ್ಮಡಿಯ ಮೇಲಿನ ದಪ್ಪ ದಾರಕ್ಕೆ ಸುತ್ತಿಗೆಯಿಂದ ತಟ್ಟಿದಾಗ ಪಾದ ಚಟ್ಟನೆ ಬಡಿದು, ವಾಪಸಾಗುವಾಗ ನಿಧಾನವಾಗಿ, ಸೋಮಾರಿಯಂತೆ ಇಳಿಯುತ್ತದೆ. ಇದು ಹಳೆಯ, ನಂಬಬಹುದಾದ ಗುರುತು. ಪಾದದ ನಾಡಿ ಮಾತ್ರ ಸಿಗುತ್ತದೆ. ನಾಡಿ ಸಿಗದ ತಣ್ಣನೆಯ ಕಾಲನ್ನು ಥೈರಾಯ್ಡಿನ ಲೆಕ್ಕಕ್ಕೆ ಬರೆಯಬಾರದು.

ಗೊಂದಲ ಹುಟ್ಟುವುದು ನಡುವಿನ ಅಂಕಿಗಳಲ್ಲಿ. ಟಿಎಸ್‌ಎಚ್ 10ಕ್ಕಿಂತ ಮೇಲಿದ್ದು, ಟಿ4 ಕಡಿಮೆಯಿದ್ದರೆ ಕೊರತೆ ಖಚಿತ, ಮಾತ್ರೆ ಬೇಕು. ಆದರೆ ಎಪ್ಪತ್ತು ದಾಟಿದವರ ವರದಿಯಲ್ಲಿ ಟಿ4 ಸಹಜವಿದ್ದು ಟಿಎಸ್‌ಎಚ್ 6ರ ಆಸುಪಾಸು ಬಂದು, ಪಕ್ಕದಲ್ಲಿ ದಪ್ಪಕ್ಷರ ಬಿದ್ದರೆ ಮನೆಮಂದಿ ಹೆದರುತ್ತಾರೆ. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ. ಲ್ಯಾಬಿನ ಕಾಗದದ ಮಿತಿ ಎಲ್ಲ ವಯಸ್ಸಿಗೂ ಒಂದೇ. 65 ದಾಟಿದ, ಇಂಥ ಸೌಮ್ಯ ಏರಿಕೆಯಿದ್ದ 737 ಜನರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಥೈರಾಕ್ಸಿನ್ ತಿಂದವರಿಗೂ ಮದ್ದಿಲ್ಲದ ಗುಳಿಗೆ ತಿಂದವರಿಗೂ ಕೊರತೆಯ ಲಕ್ಷಣಗಳಲ್ಲಿ, ಸುಸ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ 6.2 ಎಂಬ ಅಂಕಿ ಸಿಕ್ಕಿದ ಮಾತ್ರಕ್ಕೆ ಕಾಲಿನ ತಣ್ಣನೆಗೆ ಕಾರಣ ಸಿಕ್ಕಿತೆಂದಲ್ಲ.

‘ಒಂದು ಸಣ್ಣ ಮಾತ್ರೆ, ತಿಂದರೆ ಏನು ನಷ್ಟ?’ ಎನ್ನುವವರಿಗೆ ಉತ್ತರವಿದೆ. ನಿಜವಾಗಿ ಬೇಕಾದ ಹಿರಿಯರಿಗೂ ಥೈರಾಕ್ಸಿನ್ನನ್ನು 25 ಮೈಕ್ರೋಗ್ರಾಂ, ಹೃದಯದ ತೊಂದರೆಯಿದ್ದರೆ ಅದರ ಅರ್ಧದಿಂದ ಶುರುಮಾಡಿ, ಆರೆಂಟು ವಾರಕ್ಕೊಮ್ಮೆ ಅಳೆದು ಏರಿಸುತ್ತಾರೆ. ಹೆಚ್ಚಾದರೆ ಮೂಳೆ ಸವೆಯುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ಗೆಡ್ಡೆ ಕಟ್ಟಬಹುದು, ಆ ಗೆಡ್ಡೆ ತೇಲಿಹೋಗಿ ಮಿದುಳಿನಲ್ಲೋ ಕಾಲಿನಲ್ಲೋ ಸಿಕ್ಕಿಕೊಳ್ಳಬಹುದು. ತಣ್ಣನೆಯ ಕಾಲಿಗೆಂದು ಅಳತೆ ತಪ್ಪಿ ತಿಂದ ಮಾತ್ರೆ ಕಾಲನ್ನೇ ತಣ್ಣಗಾಗಿಸಬಲ್ಲದು.

ಈ ಮೂರರ ಹೊರಗೂ ಕಾರಣಗಳಿವೆ ಎಂಬುದನ್ನು ಒಪ್ಪುತ್ತೇನೆ. ಅಂಗೈ, ಕೆಳರೆಪ್ಪೆಯ ಒಳಭಾಗ, ಪಾದ ಎಲ್ಲವೂ ಬಿಳಿಚಿದ್ದರೆ ಅದು ರಕ್ತಹೀನತೆ, ಹಿಮೋಗ್ಲೋಬಿನ್ ನೋಡಿಸಬೇಕು. ಬಿಪಿಗೆ ಕೊಡುವ ಅಟೆನೊಲಾಲ್‌ನಂಥ ಮಾತ್ರೆಗಳಿಂದಲೂ ಕೈಕಾಲು ತಣ್ಣಗಾಗುತ್ತವೆ. ಅವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಕಾರಣ ಯಾವುದೇ ಇರಲಿ, ಕಾವು ಕೊಡುವ ವಾಡಿಕೆಯನ್ನು ಮಾತ್ರ ಎದುರಿಸಲೇಬೇಕು. ಬಿಸಿನೀರಿನ ಬ್ಯಾಗ್, ಕಾಯಿಸಿ ಬಟ್ಟೆ ಸುತ್ತಿದ ಇಟ್ಟಿಗೆ, ಕುದಿವ ಎಣ್ಣೆಗೆ ತುಸು ಕಡಿಮೆಯಾದ ಎಣ್ಣೆ. ನರ ಸತ್ತ ಪಾದಕ್ಕೆ ಸುಡುವುದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಗುಳ್ಳೆ ಕಂಡಾಗಲೇ ಮನೆಯವರಿಗೆ ಗೊತ್ತಾಗುವುದು. ಧಮನಿ ಕಿರಿದಾದ ಪಾದಕ್ಕೆ ಕಾವು ಕೊಟ್ಟರೆ ಅಲ್ಲಿನ ಜೀವಕೋಶಗಳು ಹೆಚ್ಚು ರಕ್ತ ಬೇಡುತ್ತವೆ, ಆ ರಕ್ತ ಬರುವ ದಾರಿಯೇ ಮುಚ್ಚಿದೆ. ಸುಟ್ಟ ಚರ್ಮ ಮಾಯುವುದೂ ಇಲ್ಲ. ಇಂಥ ಪಾದಗಳಲ್ಲಿ ಬೆರಳು ಕಳೆದುಕೊಳ್ಳುವ ಕತೆ ಪ್ರೀತಿಯಿಂದ ಇಟ್ಟ ಒಂದು ಬಿಸಿ ಚೀಲದಿಂದ ಶುರುವಾಗಬಹುದು. ಸಡಿಲವಾದ ಹತ್ತಿಯ ಕಾಲುಚೀಲ, ಮೇಲೊಂದು ಕೌದಿ, ಇಷ್ಟು ಸಾಕು. ಧಮನಿಯ ರೋಗವಿದ್ದರೆ ಪಾದದ ಕೆಳಗೆ ದಿಂಬಿಟ್ಟು ಕಾಲೆತ್ತಿಸುವುದೂ ಬೇಡ. ಎತ್ತಿದಷ್ಟೂ ರಕ್ತ ಕಡಿಮೆ ಮುಟ್ಟುತ್ತದೆ.

‘ಎಲ್ಲ ಮುದುಕರನ್ನೂ ಡಾಪ್ಲರ್‌ಗೆ ಕಳಿಸಲು ಆಗ್ತದೇನ್ರಿ?’ ಎಂದು ಕೇಳಬಹುದು. ಆಗುವುದಿಲ್ಲ, ಬೇಕಾಗಿಯೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡಿಸಲು ಹಿರಿಯರು ಹೇಗೂ ಬರುತ್ತಾರೆ. ಅಲ್ಲಿ ಚಪ್ಪಲಿ ಬಿಡಿಸಿ ಎರಡು ಪಾದ ಮುಟ್ಟಿ, ನಾಲ್ಕು ನಾಡಿ ಹುಡುಕಲು ಎರಡು ನಿಮಿಷ ಬೇಕು. ಅದರಲ್ಲಿ ಸಿಕ್ಕಿಬಿದ್ದವರನ್ನು ಮಾತ್ರ ರಾಯಚೂರಿನ ರಿಮ್ಸ್‌ಗೋ, ಮುಂದಕ್ಕೋ ಕಳಿಸಿದರೆ ಸಾಕು. ಈಗ ಆಗುತ್ತಿರುವುದು ಇದರ ತಿರುಗಾಮುರುಗಾ: ಎಲ್ಲರಿಗೂ ಇಂಜೆಕ್ಷನ್, ಎಲ್ಲರಿಗೂ ಪ್ಯಾಕೇಜು, ಯಾರ ಪಾದಕ್ಕೂ ಬೆರಳಿಲ್ಲ.

ಆದ್ದರಿಂದ ತೀರ್ಪು ಇಷ್ಟು. ತಣ್ಣನೆಯ ಕಾಲು ಎಂಬುದು ರೋಗದ ಹೆಸರಲ್ಲ, ವಯಸ್ಸಿನ ಹೆಸರೂ ಅಲ್ಲ; ಅದು ಮುಟ್ಟಿ ನೋಡಲು ಬಂದ ಕರೆ. ಒಂದು ಕಾಲೋ ಎರಡೋ, ಮುಟ್ಟಿದರೆ ನಿಜಕ್ಕೂ ತಣ್ಣಗಿದೆಯೋ, ಕೈಯೂ ತಣ್ಣಗಿದೆಯೋ, ಇಳಿಬಿಟ್ಟರೆ ಹಗುರಾಗುತ್ತದೆಯೋ, ನಾಡಿ ಸಿಗುತ್ತದೆಯೋ: ಈ ಐದು ಪ್ರಶ್ನೆಗೆ ಉತ್ತರ ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಿರುತ್ತದೆ.

ಕೊನೆಗೆ, ಕಾಯಬಾರದ ಒಂದು ಕಾಲಿದೆ. ನಿನ್ನೆಯವರೆಗೆ ಸರಿಯಿದ್ದ ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ವಿಪರೀತ ನೋಯತೊಡಗಿ, ಬೆರಳು ಆಡಿಸಲು ಬಾರದಂತಾದರೆ ಧಮನಿಯಲ್ಲಿ ಗೆಡ್ಡೆ ಸಿಕ್ಕಿಕೊಂಡಿದೆ. ಅಂಥ ಕಾಲಿನ ಸ್ನಾಯುಗಳು ರಕ್ತವಿಲ್ಲದೆ ಸುಮಾರು ಆರು ಗಂಟೆ ತಡೆಯುತ್ತವೆ. ಮಾನ್ವಿಯಿಂದಲೋ ದೇವದುರ್ಗದಿಂದಲೋ ರಾಯಚೂರು ಐವತ್ತು ಕಿಲೋಮೀಟರಿನ ಆಸುಪಾಸು. ರಾಯಚೂರಿನಿಂದ ಹೈದರಾಬಾದ್ ಸುಮಾರು ಇನ್ನೂರು. ರಾತ್ರಿ ಹತ್ತಕ್ಕೆ ತಣ್ಣಗಾದ ಕಾಲಿಗೆ ಎಣ್ಣೆ ತಿಕ್ಕಿ ‘ಬೆಳಿಗ್ಗೆ ನೋಡೋಣ’ ಎಂದರೆ, ಬೆಳಗಿನ ಹೊತ್ತಿಗೆ ಆ ಆರು ಗಂಟೆ ಮನೆಯಲ್ಲೇ ಮುಗಿದಿರುತ್ತದೆ.